ನಾಲ್ಕು ಮನೆಗಳ ಚಿತ್ರ

ಪುಣೆಯ ನಮ್ಮ ಬಳಗದ ಮುಂದೆ ಈ ವರ್ಷ ಎಂಟು ಕೆಲಸಗಳಿದ್ದವು, ದುಡಿಯುವವರು ಐವರು. ಯಾವುದು ಮೊದಲೆಂದು ಸಭೆಗೆ ತೋರಿಸಲು ಒಂದೇ ಸ್ಲೈಡ್ ಸಿದ್ಧಪಡಿಸಿದೆವು.

ಅಡ್ಡಗೆರೆ ಶ್ರಮಕ್ಕೆ, ನಿಲುಗೆರೆ ಪ್ರಯೋಜನಕ್ಕೆ. ಶ್ರಮವೆಂದರೆ ತಗಲುವ ಭಾನುವಾರಗಳು, ಪ್ರಯೋಜನವೆಂದರೆ ಕನ್ನಡ ಓದಬಲ್ಲ ಮಕ್ಕಳು ಎಂದು ಗೆರೆಗಳ ಪಕ್ಕದಲ್ಲೇ ಬರೆದೆವು. ಅರ್ಥ ಖಚಿತವಾಗದಿದ್ದರೆ ಪ್ರತಿಯೊಬ್ಬರೂ ತಮಗೆ ಪ್ರಿಯವಾದುದನ್ನು ಮೇಲಕ್ಕೆಳೆಯುತ್ತಾರೆ. ಮೇಲಿನ ಎಡಮನೆಗೆ ‘ಈಗಲೇ’, ಬಲಮನೆಗೆ ‘ಯೋಜಿಸಿ’. ಕೆಳಗಿನ ಎಡಮನೆಗೆ ‘ಬಿಡುವಿದ್ದಾಗ’, ಬಲಮನೆಗೆ ‘ಕೈಬಿಡಿ’ ಎಂಬ ಹೆಸರುಗಳನ್ನು ಮೂಲೆಗಳಲ್ಲಿ ತಿಳಿಬಣ್ಣದಿಂದ ಬರೆದೆವು.

ಮೊದಲ ಸುತ್ತಿನಲ್ಲಿ ಆರು ಕೆಲಸಗಳು ಮೇಲರ್ಧದಲ್ಲೇ ಗುಂಪುಗೂಡಿದವು. ಎಲ್ಲವೂ ಮುಖ್ಯವೆಂದರೆ ಚಿತ್ರ ಏನನ್ನೂ ಹೇಳದು. ಆದ್ದರಿಂದ ಎಂಟನ್ನೂ ಪ್ರಯೋಜನದ ಪ್ರಕಾರ ಒಂದರ ಕೆಳಗೊಂದು ಸಾಲಾಗಿಸಿ, ಮೊದಲ ನಾಲ್ಕನ್ನು ಮಾತ್ರ ಮೇಲರ್ಧದಲ್ಲಿ ಉಳಿಸಿದೆವು. ಶ್ರಮಕ್ಕೂ ಅದೇ ಕ್ರಮ. ನಡುಗೆರೆಯ ಮೇಲೆ ಯಾವ ಚುಕ್ಕೆಯನ್ನೂ ನಿಲ್ಲಿಸಲಿಲ್ಲ; ಅಲ್ಲಿ ನಿಂತದ್ದು ಯಾವ ಮನೆಗೂ ಸೇರದು. ಪ್ರತಿ ಚುಕ್ಕೆಯ ಬಲಕ್ಕೆ ಎರಡು ಮೂರು ಪದಗಳ ಹೆಸರು.

ಮನೆಗಳಲ್ಲಿ ನಡೆಸುವ ಕಥಾವಾಚನ ‘ಈಗಲೇ’ಗೆ ಬಂತು, ಭಾನುವಾರದ ಅಕ್ಷರ ತರಗತಿ ‘ಯೋಜಿಸಿ’ಗೆ. ಎರಡು ತಿಂಗಳ ತಾಲೀಮು ಬೇಡುವ ರಾಜ್ಯೋತ್ಸವದ ನಾಟಕ ‘ಕೈಬಿಡಿ’ಗೆ ಬಿತ್ತು. ಸಭೆ ಮೌನವಾಯಿತು.

“ನಾಟಕಕ್ಕೆಂದೇ ವರ್ಷಕ್ಕೊಮ್ಮೆ ಬರುವವರಿದ್ದಾರಲ್ಲ?” ಎಂದರು ಹಿರಿಯರೊಬ್ಬರು. ಅವರ ಪ್ರಶ್ನೆ ಚುಕ್ಕೆಯನ್ನು ದಾಟಿ ನಿಲುಗೆರೆಗೇ ತಾಗಿತ್ತು: ಪ್ರಯೋಜನವೆಂದರೆ ಮಕ್ಕಳ ಓದೋ, ದೊಡ್ಡವರ ಕೂಡುವಿಕೆಯೋ? ಒಂದೇ ಗೆರೆ ಎರಡನ್ನೂ ಅಳೆಯಲಾರದು. ಹಾಗಾಗಿ ಚುಕ್ಕೆಗಳನ್ನು ಕದಲಿಸದೆ, ಗೆರೆಯ ಅರ್ಥವನ್ನೇ ಮತಕ್ಕೆ ಹಾಕಿದೆವು. ಓದು ಉಳಿಯಿತು. ಈ ನವೆಂಬರಿನಲ್ಲಿ ನಾಟಕವಿಲ್ಲ.