ಕಬ್ಬು ಬೆಳೆದಂಗ ಬ್ಯಾಟರಿ ಇಳೀತು

ತೋಟದ ಮನಿ ಡೈರಿ, ಭಾಗ 7 (1/4)

ವೈಫೈ ಕ್ಯಾಮೆರಾ ಬ್ಯಾಟರಿ ಐದೇ ದಿನಕ್ಕ ಖಾಲಿ ಆಗಾಕತ್ತೈತಿ ಅಂದ್ರ, ಹೊಸ ಬ್ಯಾಟರಿಗೆ ರೊಕ್ಕ ಕೊಡೂ ಮೊದಲು ಒಮ್ಮೆ ಹೊಲದ ಕಬ್ಬು ಎಷ್ಟು ಎತ್ತರ ಆಗೇತಿ ನೋಡ್ರಿ. ಚ್ಯಾಷ್ಟಿ ಅಲ್ಲ, ಖರೇನ ಹೇಳಾಕತ್ತೀನಿ.

ಚಿಮ್ಮಡದ ನಮ್ಮ ಕಾಕಾನ ತೋಟದ ಗೇಟಿಗೆ ಮಾರ್ಚದಾಗ ಒಂದು ಬ್ಯಾಟರಿ ಕ್ಯಾಮೆರಾ ಹಾಕಿದ್ವಿ. ಬಾಜೂ ಹೊಲದ ಪಂಪ್‌ಸೆಟ್ ಕೇಬಲ್ ಕತ್ತರಿಸಿಕೊಂಡು ಹೋಗಿದ್ದರು, ಅದಕ್ಕ. ಆಗ ಕಬ್ಬು ಕಡಿದು ಕುಳೆ ಬಿಟ್ಟಿತ್ತು, ಮೊಣಕಾಲಮಟ್ಟ ಇತ್ತು. ಒಂದು ಸಲ ಚಾರ್ಜ್ ಮಾಡಿದ್ರ ಒಂದೂವರೆ ತಿಂಗಳು ಬರ್ತಿತ್ತು. ಸೆಪ್ಟೆಂಬರ್ ಹೊತ್ತಿಗೆ ಅದೇ ಬ್ಯಾಟರಿ ಐದು ದಿನಕ್ಕೆ ಇಳಿಯಿತು. ವಿಡಿಯೋ ನೋಡಿದ್ರ ಚೌಕ ಚೌಕ ಒಡೆದು, ಮನುಷ್ಯಾ ಯಾರು ಅಂತ ಗುರುತು ಸಿಗದಂಗ.

ಕಾಕಾಗ 68 ವರ್ಷ. ಐದು ದಿನಕ್ಕೊಮ್ಮೆ ಏಣಿ ಹತ್ತಿ ಅದನ್ನ ಬಿಚ್ಚಿ ತರಬೇಕು. ಕಡೀಕ ಬ್ಯಾಸತ್ತು ಬ್ಯಾಟರಿ ಹಿಡಕೊಂಡು ರಾತ್ರಿ ಮೋಟರ್ ಕಡೆ ತಾನೇ ಹೋಗಾಕ ಶುರು ಮಾಡಿದ. "ಈ ಡಬ್ಬಿಕಿಂತ ನಾ ಕಾಯೂದ ಚಲೋ ತಮ್ಮಾ" ಅಂದ. ಮಳಿಗಾಲದಾಗ ಕಬ್ಬಿನ ಬದುವಿನ ಮ್ಯಾಲ ರಾತ್ರಿ ಓಡಾಡೂದು ಅಂದ್ರ ಏನು ಅನ್ನೋದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹಾವಿನ ಕಾಲ ಅದು.

(2/4)

ಅಂಗಡಿಯವರು "ಸೆಲ್ ಹೋಗೇತಿ, ಬದಲಾಯಿಸ್ರಿ" ಅಂದರು. ಸೆಲ್ ಹೋಗಿದೆಯೋ ಇಲ್ಲವೋ ತಿಳಿಯಲು ಮನೆಯಲ್ಲೇ ಒಂದು ಪರೀಕ್ಷೆ ಇದೆ. ಕ್ಯಾಮೆರಾ ಪೂರ್ತಿ ಚಾರ್ಜ್ ಮಾಡಿ, ರೌಟರ್ ಇರುವ ಕೋಣೆಯಲ್ಲೇ ಗೋಡೆಗೆ ಮುಖ ಮಾಡಿ ಎರಡು ದಿನ ಇಡಿ. ಲೈವ್ ನೋಡಲೇಬೇಡಿ. ಎರಡು ದಿನಕ್ಕೆ ಎರಡು ಮೂರು ಪರ್ಸೆಂಟ್ ಮಾತ್ರ ಇಳಿದರೆ ಸೆಲ್ ಚೆನ್ನಾಗಿದೆ. ಸುಮ್ಮನೆ ಕೂತಲ್ಲೇ ಹತ್ತು ಹದಿನೈದು ಇಳಿದರೆ ಆಗ ಸೆಲ್ ಮೇಲೆ ಅನುಮಾನ ಪಡಬಹುದು. ನಮ್ಮದು ಇಳಿದದ್ದು ಎರಡೇ ಪರ್ಸೆಂಟ್. ಅಂದ್ರ ಖರ್ಚು ಆಗ್ತಿರೋದು ಗೇಟಿನ ಹತ್ತಿರ.

ಇಂಥ ಕ್ಯಾಮೆರಾ ದಿನವಿಡೀ ನಿದ್ದೆ ಮಾಡ್ತಿರುತ್ತದೆ. ಮುಂದಿರುವ ಬಿಳಿ ಗುಬ್ಬಿಯಂಥ ಸೆನ್ಸರ್ (ಪಿಐಆರ್ ಅಂತಾರೆ) ಬಿಸಿಯ ಚಲನೆ ಕಂಡಾಗ ಅದನ್ನ ಎಬ್ಬಿಸುತ್ತದೆ. ಎದ್ದು ರೆಕಾರ್ಡ್ ಮಾಡಿ, ವೈಫೈ ಮೇಲೆ ಕಳಿಸಿ, ಮತ್ತೆ ಮಲಗುತ್ತದೆ. ಹಾಗಾಗಿ ಬ್ಯಾಟರಿ ಲೆಕ್ಕ ಅಂದರೆ ಎರಡೇ ಪ್ರಶ್ನೆ: ದಿನಕ್ಕೆ ಎಷ್ಟು ಸಲ ಎದ್ದಿತು, ಎದ್ದಾಗ ಎಷ್ಟು ಹೊತ್ತು ಎಚ್ಚರ ಇತ್ತು?

ಆ್ಯಪ್‌ನಲ್ಲಿ ಒಂದು ದಿನದ ಕ್ಲಿಪ್ ಎಣಿಸಿದೆ, 240 ಇದ್ದವು. ಒಂದೊಂದಕ್ಕೆ ಸುಮಾರು 30 ಸೆಕೆಂಡ್ ಎಚ್ಚರ ಅಂತ ಹಿಡಿದರೆ ದಿನಕ್ಕೆ ಎರಡು ತಾಸು. ಎಚ್ಚರ ಇದ್ದಾಗ ಅದು ಸುಮಾರು 350 ಮಿಲಿಆಂಪ್ ಎಳೆಯುತ್ತದೆ ಅಂತ ಅಂದಾಜು ಮಾಡಿದರೆ 700 ಎಂಎಎಚ್, ನಿದ್ದೆಯ ಖರ್ಚು 50, ಒಟ್ಟು ದಿನಕ್ಕೆ 750. ಬ್ಯಾಟರಿ ಇರೋದೇ 5000. ಆರೂವರೆ ದಿನ! ರಾತ್ರಿ ಇನ್‌ಫ್ರಾರೆಡ್ ದೀಪ ಹತ್ತುವ ಖರ್ಚು ಸೇರಿದರೆ ಐದು ದಿನಕ್ಕೆ ಮುಗಿಯೋದರಲ್ಲಿ ಆಶ್ಚರ್ಯವೇ ಇಲ್ಲ.

(3/4)

ಆ 240ರಲ್ಲಿ ಮನುಷ್ಯರು, ಎಮ್ಮೆ, ನಾಯಿ ಎಲ್ಲ ಸೇರಿ 20 ಕ್ಲಿಪ್ ಇರಲಿಲ್ಲ. ಉಳಿದದ್ದೆಲ್ಲ ಕಬ್ಬಿನ ರವದಿ. (ಫೋಟೋ 3 ನೋಡ್ರಿ, ಎಡಗಡೆ ಅರ್ಧ ಫ್ರೇಮ್ ಬರೀ ಎಲೆ.) ಬಿಸಿಲಿಗೆ ಕಾದ ಎಲೆ ಗಾಳಿಗೆ ಆಡಿದರೆ ಸೆನ್ಸರ್‌ಗೆ ಅದೂ ಬಿಸಿಯ ಚಲನೆಯೇ. ಹೆಚ್ಚಿನ ಕ್ಲಿಪ್ ಬೆಳಿಗ್ಗೆ 11ರಿಂದ ಸಂಜೆ 5ರ ಒಳಗೆ ಇದ್ದವು, ಅದೇ ಸುಳಿವು.

ಆ್ಯಪ್‌ನಲ್ಲಿ ಕಬ್ಬಿನ ಭಾಗ ಬಿಟ್ಟು ಝೋನ್ ಎಳೆದರೆ ಸಾಕಲ್ಲ ಅಂತೀರಿ. ಎಷ್ಟೋ ಕ್ಯಾಮೆರಾಗಳು ಎದ್ದ ಮೇಲೆ ಚಿತ್ರ ನೋಡಿ "ಇದು ಝೋನ್ ಹೊರಗೆ" ಅಂತ ನಿರ್ಧರಿಸುತ್ತವೆ. ಅಲರ್ಟ್ ಕಡಿಮೆ ಆಗುತ್ತದೆ, ಬ್ಯಾಟರಿ ಹೋಗೋದು ನಿಲ್ಲೋದಿಲ್ಲ. ಅದಕ್ಕೆ ಸೆನ್ಸರ್ ಕಣ್ಣಿಗೇ ಎಲೆ ಕಾಣಬಾರದು. ಕ್ಯಾಮೆರಾ ಮುಖ ಚಕ್ಕಡಿ ದಾರಿಯ ಕಡೆ ತಿರುಗಿಸಿ, ಸ್ವಲ್ಪ ಕೆಳಗೆ ಬಾಗಿಸಿದೆವು. ಸೆನ್ಸರ್‌ನ ಎಡ ಅಂಚಿಗೆ ಕರಿ ಇನ್ಸುಲೇಷನ್ ಟೇಪ್ ಒಂದು ಪಟ್ಟಿ ಹಚ್ಚಿದೆವು. ಸೆನ್ಸಿಟಿವಿಟಿ ಹೈ ಇದ್ದದ್ದು ಮೀಡಿಯಂ. ಆಮೇಲೆ ನಾನೇ ನಾಲ್ಕು ಸಲ ಗೇಟ್ ಮುಂದೆ ನಡೆದು ನೋಡಿದೆ. ನೆಟ್ಟಗೆ ಕ್ಯಾಮೆರಾ ಕಡೆ ಬಂದರೆ ತಡವಾಗಿ ಹಿಡಿಯಿತು, ಅಡ್ಡ ಹಾದರೆ ತಕ್ಷಣ ಹಿಡಿಯಿತು. ಈ ಸೆನ್ಸರ್ ಸ್ವಭಾವವೇ ಹಾಗೆ. ಆದ್ದರಿಂದ ಬರುವವರು ಅಡ್ಡ ಹಾಯುವ ಜಾಗ ಹುಡುಕಿ ಹಾಕ್ರಿ.

(4/4)

ಇನ್ನೊಂದು ಪ್ರಶ್ನೆ ಉಳೀತು: ಪ್ರತಿ ಸಲ 30 ಸೆಕೆಂಡ್ ಎಚ್ಚರ ಯಾಕೆ? ಕ್ಲಿಪ್ ಇದ್ದದ್ದು 12 ಸೆಕೆಂಡ್. ಉಳಿದ ಹೊತ್ತು ಅದನ್ನ ಕಳಿಸೋಕೆ ಒದ್ದಾಡುತ್ತಿತ್ತು.

ಆ್ಯಪ್‌ನ ಡಿವೈಸ್ ಇನ್ಫೋದಲ್ಲಿ RSSI ಅಂತ ಒಂದು ಸಂಖ್ಯೆ ಇರುತ್ತದೆ. ಸೊನ್ನೆಗೆ ಹತ್ತಿರ ಇದ್ದಷ್ಟು ಸಿಗ್ನಲ್ ಗಟ್ಟಿ. ವಿಡಿಯೋಗೆ -67 ಒಳಗೆ ಇದ್ದರೆ ನಿಶ್ಚಿಂತೆ, -80 ದಾಟಿದರೆ ತ್ರಾಸು. ಮಾರ್ಚ್‌ನಲ್ಲಿ ತೆಗೆದ ಸ್ಕ್ರೀನ್‌ಶಾಟ್‌ನಲ್ಲಿ -64 ಇತ್ತು. ಈಗ -82. ರೌಟರ್ ಅದೇ ಗೂಡಿನಲ್ಲಿ, ಕ್ಯಾಮೆರಾ ಅದೇ ಕಂಬದಲ್ಲಿ. ನಡುವೆ ಬದಲಾಗಿದ್ದು ಕಬ್ಬು ಒಂದೇ. ಹಸಿ ಕಬ್ಬು ಅಂದರೆ ನಿಂತ ನೀರು ಇದ್ದಂಗ, ವೈಫೈ ತರಂಗವನ್ನ ಅದು ಕುಡಿದುಬಿಡುತ್ತದೆ. ಸಿಗ್ನಲ್ ಸೋತಾಗ ಕ್ಯಾಮೆರಾ ನಿಧಾನ ಆಗುತ್ತದೆ, ಹೋಗದ ತುಣುಕನ್ನ ಮತ್ತೆ ಮತ್ತೆ ಕಳಿಸುತ್ತದೆ, ಕಡೆಗೆ ವಿಡಿಯೋ ಗುಣಮಟ್ಟ ಇಳಿಸುತ್ತದೆ. ಚೌಕ ಚೌಕ ವಿಡಿಯೋ ಮತ್ತು ಖಾಲಿ ಬ್ಯಾಟರಿ, ಎರಡಕ್ಕೂ ಬೇರು ಒಂದೇ.

ತೋಟದ ಮನಿ ಮಾಳಿಗೆ ಮೇಲೆ, ಕಬ್ಬಿನ ತುದಿಗಿಂತ ಎತ್ತರದಲ್ಲಿ, ಹೊರಗೆ ಹಾಕುವಂಥ ಒಂದು ವೈಫೈ ಪೆಟ್ಟಿಗೆ ಕೂಡಿಸಿ ಕೆಳಗಿನ ರೌಟರ್‌ನಿಂದ ಕೇಬಲ್ ಎಳೆದೆವು. ಈ ಕ್ಯಾಮೆರಾಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, ಅದಷ್ಟನ್ನೇ ಆನ್ ಇಟ್ಟೆವು. ಸಿಗ್ನಲ್ -66ಕ್ಕೆ ಬಂತು. ಅಂಕಿ ನೋಡಿದ್ರ 16ರ ವ್ಯತ್ಯಾಸ, ಶಕ್ತಿಯ ಲೆಕ್ಕದಲ್ಲಿ ಸುಮಾರು 40 ಪಟ್ಟು. ವಿಡಿಯೋವನ್ನ 2ಕೆಯಿಂದ 1080ಕ್ಕೆ ಇಳಿಸಿದೆವು, ಬೇಗ ಕಳಿಸಿ ಬೇಗ ಮಲಗಲಿ ಅಂತ. ಮುಖ ಮೊದಲಿಗಿಂತ ಸ್ವಚ್ಛ ಕಾಣ್ತದೆ, ಯಾಕಂದ್ರ ಪೂರ್ತಿ ತಲುಪಿದ 1080, ಅರ್ಧಕ್ಕೆ ಒಡೆದ 2ಕೆಗಿಂತ ಮೇಲು.

ಈಗ ದಿನಕ್ಕೆ 20 ಕ್ಲಿಪ್, ಒಂದಕ್ಕೆ 15 ಸೆಕೆಂಡ್. ಒಟ್ಟು ಐದು ನಿಮಿಷ ಎಚ್ಚರ, 30 ಎಂಎಎಚ್. ನಿದ್ದೆಯ 50 ಸೇರಿ 80. ಲೆಕ್ಕದಂತೆ ಎರಡು ತಿಂಗಳು ಬರಬೇಕು. ರಾತ್ರಿ ದೀಪ, ಕಾಕಾ ಆಗಾಗ ತೆರೆದು ನೋಡುವ ಲೈವ್ ಎಲ್ಲ ಹಿಡಿದು ಒಂದೂವರೆ ತಿಂಗಳು ಬರ್ತಿದೆ.

ಎರಡು ಮಾತು ನೆನಪಿಡಿ. ಕರೆಂಟ್ ಹೋಗಿ ರೌಟರ್ ಬಂದ್ ಆದರೆ ಕ್ಯಾಮೆರಾ ವೈಫೈ ಹುಡುಕುತ್ತಾ ಬ್ಯಾಟರಿ ಕಳೆಯುತ್ತದೆ, ರೌಟರ್‌ಗೆ ಒಂದು ಸಣ್ಣ ಯುಪಿಎಸ್ ಬೇಕು. ಇನ್ನು ಏಪ್ರಿಲ್, ಮೇ ಸಂಜೆ ಹೊರಗಿನ ಬಿಸಿ ಮೈಬಿಸಿಗೆ ಹತ್ತಿರ ಬಂದಾಗ ಈ ಸೆನ್ಸರ್ ಮನುಷ್ಯನನ್ನೇ ತಪ್ಪಿಸಬಹುದು. ಆ ಎರಡು ತಿಂಗಳು ಸೆನ್ಸಿಟಿವಿಟಿ ಮತ್ತೆ ಹೈ ಮಾಡ್ರಿ. ಹೆಂಗೂ ನಮ್ಮ ಕಡೆ ಆಗ ಕಬ್ಬು ಕಟಾವು ಮುಗಿದಿರತೈತಿ, ಎಲೆ ಕಾಟ ಇರಂಗಿಲ್ಲ.

ಕಾಕಾ ಈಗ ರಾತ್ರಿ ಮನ್ಯಾಗ ಮಲಗ್ತಾನ.

ನಿಮ್ಮ ಕ್ಯಾಮೆರಾದ ದಿನದ ಕ್ಲಿಪ್ ಸಂಖ್ಯೆ ಮತ್ತ RSSI ಎಷ್ಟೈತಿ? ಎರಡೂ ಕಮೆಂಟ್‌ನ್ಯಾಗ ಬರೀರಿ, ಕೂಡಿ ಲೆಕ್ಕ ಹಾಕೂಣು.

#ತೋಟದಮನಿಡೈರಿ #ಚಿಮ್ಮಡ #ರಬಕವಿಬನಹಟ್ಟಿ #ಕಬ್ಬು