ಚಂದ್ರನಿಗೆ ನೇರಳೆ ಅಂಚು

ಏಳನೇ ತರಗತಿಯ ಮೊಮ್ಮಗಳೂ ನಾನೂ ಸೇರಿ ರಜೆಯಲ್ಲಿ ಒಂದು ದೂರದರ್ಶಕ ಮಾಡಿದೆವು. ಕನ್ನಡಕದ ಅಂಗಡಿಯಲ್ಲಿ ಪ್ಲಸ್ ಒಂದು ಪವರಿನ ಮಸೂರ ಕೊಂಡು, 5 ಸೆಂಟಿಮೀಟರ್ ಅಗಲಕ್ಕೆ ಉಜ್ಜಿಸಿ, ಒಂದು ಮೀಟರ್ ಪೈಪಿನ ತುದಿಗೆ ಕೂರಿಸಿದೆವು. ಕಣ್ಣಿನ ಕಡೆಗೆ ಒಂದು ಪುಟ್ಟ ಭೂತಗನ್ನಡಿ. ಚಂದ್ರ ದೊಡ್ಡದಾಗಿಯೇ ಕಂಡ. ಆದರೆ ಅವನ ಸುತ್ತ ನೇರಳೆ ಬಣ್ಣದ ಅಂಚು. ಎಷ್ಟು ಹಿಂದೆ ಮುಂದೆ ಸರಿಸಿದರೂ ಅದು ಹೋಗಲಿಲ್ಲ.

“ತಾತ, ಅಂಗಡಿಯವರು ಕೆಟ್ಟ ಗಾಜು ಕೊಟ್ಟಿದ್ದಾರೆ. ವಾಪಸ್ ಕೊಡೋಣ” ಎಂದಳು.

ಅಂಗಡಿಯವರದು ತಪ್ಪಿಲ್ಲ, ಅದು ಗಾಜಿನ ಗುಣ. ಗಾಜು ಎಲ್ಲ ಬಣ್ಣಗಳನ್ನೂ ಒಂದೇ ಸಮ ಬಾಗಿಸುವುದಿಲ್ಲ. ಕೆಂಪನ್ನು ಕಡಿಮೆ, ನೀಲಿಯನ್ನು ಹೆಚ್ಚು ಬಾಗಿಸುತ್ತದೆ. ನಮ್ಮ ಮಸೂರದಲ್ಲಿ ಕೆಂಪು ಬೆಳಕು ಒಂದು ಮೀಟರ್ ದೂರದಲ್ಲಿ ಸೇರಿದರೆ, ನೀಲಿ ಒಂದೂವರೆ ಸೆಂಟಿಮೀಟರಿಗೂ ಹೆಚ್ಚು ಮೊದಲೇ ಸೇರಿಬಿಡುತ್ತದೆ. ಒಂದು ಬಣ್ಣ ಸ್ಪಷ್ಟವಾದಾಗ ಇನ್ನೊಂದು ಹರಡಿಕೊಂಡಿರುತ್ತದೆ. ಇದೇ ವರ್ಣ ವಿಪಥನ.

ಮಸೂರಕ್ಕೆ ಇನ್ನೊಂದು ದೋಷವೂ ಇದೆ. ಗಾಜನ್ನೂ ಅಚ್ಚನ್ನೂ ಒಂದಕ್ಕೊಂದು ಉಜ್ಜಿದಾಗ ಸುಲಭವಾಗಿ ಬರುವ ಆಕಾರ ಚೆಂಡಿನ ಮೈಯ ತುಣುಕು. ಆದರೆ ಆ ಆಕಾರದಲ್ಲಿ ಅಂಚಿನ ಇಳಿಜಾರು ಬೇಕಾದ್ದಕ್ಕಿಂತ ಹೆಚ್ಚು. ಹಾಗಾಗಿ ಅಂಚಿನ ಮೂಲಕ ಬಂದ ಬೆಳಕು, ನಡುವಿನದಕ್ಕಿಂತ ಮುಂಚೆಯೇ ಸೇರುತ್ತದೆ. ಇದು ಗೋಳೀಯ ವಿಪಥನ. ಅಜ್ಜಿ ಪತ್ರಿಕೆ ಓದುವ ದಪ್ಪ ಭೂತಗನ್ನಡಿಯಲ್ಲಿ ಇದನ್ನು ನೋಡಬಹುದು. ರಾತ್ರಿ ದೂರದ ಬೀದಿ ದೀಪದ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ. ಮಸೂರದ ನಡುಭಾಗಕ್ಕೆ ನಾಣ್ಯದಷ್ಟು ಕಪ್ಪು ಕಾಗದ ಅಂಟಿಸಿದರೆ, ಬಿಂಬ ಸ್ಪಷ್ಟವಾಗಲು ಹಾಳೆಯನ್ನು ಮಸೂರದ ಹತ್ತಿರ ತರಬೇಕಾಗುತ್ತದೆ. ಸೂರ್ಯನ ಕಡೆ ಮಾತ್ರ ಯಾವ ಮಸೂರವನ್ನೂ ತಿರುಗಿಸಬೇಡಿ.

ನಮ್ಮ ಪೈಪಿನಲ್ಲಿ ಗೋಳೀಯ ದೋಷ ಒಂದು ಮಿಲಿಮೀಟರಿನ ಆಸುಪಾಸು. ಬಣ್ಣದ್ದೇ ದೊಡ್ಡ ತೊಂದರೆ. ಅದಕ್ಕೆ ಸುಲಭ ಉಪಾಯ, ಎರಡೂವರೆ ಸೆಂಟಿಮೀಟರ್ ತೂತಿನ ರಟ್ಟಿನ ಬಿಲ್ಲೆಯನ್ನು ಮಸೂರದ ಮುಂದೆ ಇಡುವುದು. ಕಿರಣಗಳ ಶಂಕು ಸಣ್ಣದಾಗಿ, ಬಣ್ಣದ ಹರವು ಅರ್ಧಕ್ಕಿಳಿಯುತ್ತದೆ. ಗೋಳೀಯ ದೋಷವೂ ತಗ್ಗುತ್ತದೆ. ಮೊಮ್ಮಗಳು ಬಿಲ್ಲೆ ಹಾಕಿ ನೋಡಿದಳು. ಚಂದ್ರನ ಕುಳಿಗಳು ಚುರುಕಾಗಿ ಕಂಡವು. ಆದರೆ ಬೆಳಕು ಕಾಲುಭಾಗಕ್ಕೆ ಇಳಿಯಿತು. ಚಂದ್ರನಿಗೆ ಅದು ಸಾಕು, ಮಂಕು ನಕ್ಷತ್ರಗಳಿಗೆ ಸಾಲದು.

ಹಿಂದಿನವರು ಇನ್ನೊಂದು ದಾರಿ ಹಿಡಿದರು. ಅಗಲ ಅಷ್ಟೇ ಇಟ್ಟು ಮಸೂರದ ಬಾಗು ಕಡಿಮೆ ಮಾಡಿದರೆ ಎರಡೂ ದೋಷಗಳು ತಗ್ಗುತ್ತವೆ, ಆದರೆ ಕೊಳವೆ ಉದ್ದವಾಗುತ್ತದೆ. ಹದಿನೇಳನೇ ಶತಮಾನದಲ್ಲಿ ಈಗಿನ ಪೋಲೆಂಡಿನ ಗ್ಡಾನ್ಸ್ಕ್ ನಗರದಲ್ಲಿ ಹೆವೇಲಿಯಸ್ ಎಂಬಾತ 150 ಅಡಿ ಉದ್ದದ ದೂರದರ್ಶಕವನ್ನು ಎತ್ತರದ ಕಂಬಕ್ಕೆ ಹಗ್ಗಗಳಿಂದ ತೂಗುಹಾಕಿದ್ದ. ಅಷ್ಟುದ್ದದ್ದನ್ನು ಅಲುಗದಂತೆ ಹಿಡಿಯುವುದೇ ಕಷ್ಟ. ನ್ಯೂಟನ್ ಅಂತೂ ಗಾಜಿನಿಂದ ಈ ಬಣ್ಣ ಹೋಗುವುದಿಲ್ಲವೆಂದು ನಂಬಿ, 1668ರಲ್ಲಿ ಕನ್ನಡಿಯ ದೂರದರ್ಶಕ ಮಾಡಿದ. ಕನ್ನಡಿ ಎಲ್ಲ ಬಣ್ಣಗಳನ್ನೂ ಒಂದೇ ರೀತಿ ಹಿಂತಿರುಗಿಸುತ್ತದೆ.

ಆದರೆ ದಾರಿ ಗಾಜಿನಲ್ಲೇ ಇತ್ತು. ಸುಮಾರು 1733ರಲ್ಲಿ ಇಂಗ್ಲೆಂಡಿನ ವಕೀಲ ಚೆಸ್ಟರ್ ಮೂರ್ ಹಾಲ್ ಎರಡು ಬಗೆಯ ಗಾಜನ್ನು ಜೋಡಿಸಿದ. ಒಂದು ಕಿಟಕಿ ಗಾಜಿನಂಥ ಕ್ರೌನ್, ಇನ್ನೊಂದು ಸೀಸ ಬೆರೆತ ಫ್ಲಿಂಟ್. ಗುಟ್ಟು ಉಳಿಯಲೆಂದು ಎರಡು ಮಸೂರಗಳನ್ನು ಬೇರೆ ಬೇರೆ ಅಂಗಡಿಗೆ ಕೊಟ್ಟನಂತೆ. ಎರಡೂ ಅಂಗಡಿಯವರು ಕೆಲಸವನ್ನು ಜಾರ್ಜ್ ಬಾಸ್ ಎಂಬ ಒಬ್ಬನೇ ಕುಶಲಕರ್ಮಿಗೆ ವಹಿಸಿದರು, ಗುಟ್ಟು ರಟ್ಟಾಯಿತು ಎಂದು ಹೇಳುತ್ತಾರೆ! 1758ರಲ್ಲಿ ಅದರ ಪೇಟೆಂಟ್ ಪಡೆದವನು ಜಾನ್ ಡಾಲಂಡ್.

ಇದರ ಲೆಕ್ಕವನ್ನು ಕನ್ನಡಕದ ಪವರಿನಲ್ಲೇ ಮಾಡಬಹುದು. ಅಷ್ಟೇ ಪವರಿಗೆ ಫ್ಲಿಂಟ್ ಬಣ್ಣವನ್ನು ಕ್ರೌನಿಗಿಂತ ಸುಮಾರು 1.8 ಪಟ್ಟು ಚೆದುರಿಸುತ್ತದೆ. ಪ್ಲಸ್ 2.3ರ ಕ್ರೌನ್ ಮಸೂರಕ್ಕೆ ಮೈನಸ್ 1.3ರ ಫ್ಲಿಂಟ್ ಮಸೂರ ಸೇರಿಸಿ. ಪವರ್ ಕಳೆದರೆ ಉಳಿಯುವುದು ಪ್ಲಸ್ ಒಂದು, ನಮಗೆ ಬೇಕಾದಷ್ಟೇ. ಬಣ್ಣ? 1.3ನ್ನು 1.8ರಿಂದ ಗುಣಿಸಿ, ಸುಮಾರು 2.3. ಒಂದು ಚೆದುರಿಸಿದ್ದನ್ನು ಇನ್ನೊಂದು ಅಷ್ಟೇ ಹಿಂದಕ್ಕೆ ಎಳೆಯುತ್ತದೆ. ಒಳಬಾಗಿದ ಮಸೂರದ ಗೋಳೀಯ ದೋಷವೂ ಉಬ್ಬು ಮಸೂರದ್ದಕ್ಕೆ ವಿರುದ್ಧವಾದ್ದರಿಂದ, ಬಾಗುಗಳನ್ನು ಸರಿಯಾಗಿ ಆರಿಸಿದರೆ ಅದೂ ಬಹುಪಾಲು ಅಳಿಯುತ್ತದೆ.

ಪೂರ್ತಿ ಅಲ್ಲ. ಈ ಜೋಡಿ ಕೆಂಪು ಮತ್ತು ನೀಲಿಯನ್ನು ಒಂದೆಡೆ ಸೇರಿಸುತ್ತದೆ, ಹಸಿರು ಅರ್ಧ ಮಿಲಿಮೀಟರಿನಷ್ಟು ಹೊರಗುಳಿಯುತ್ತದೆ. ಹದಿನೇಳು ಮಿಲಿಮೀಟರಿನ ಮುಂದೆ ಅದೆಷ್ಟು! ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ, ಸಂಜೆ ಸೂರ್ಯ ಮುಳುಗಿದ ಮೇಲೆ ಬೆಳಕಿರುವ ಆಕಾಶದೆದುರು ತೆಂಗಿನ ಗರಿಯನ್ನು ನೋಡಿ. ಗರಿಯ ಅಂಚಿನಲ್ಲಿ ತೆಳುವಾದ ನೇರಳೆ ಗೆರೆ ಕಂಡರೆ, ಅದೇ ಆ ಉಳಿಕೆ.