‘ಒಂದು’ ಅಂದ್ರೆ ಎಷ್ಟು?

ನಾನು ಇಂಟರ್ನ್‌ಶಿಪ್ ಮಾಡಿದ ಬಿಡಿಭಾಗಗಳ ಗೋದಾಮಿನಲ್ಲಿ ಎಕ್ಸೆಲ್ ಬಿಟ್ಟು ಹೊಸ ಸಾಫ್ಟ್‌ವೇರ್‌ಗೆ ಹೋಗೋ ಕೆಲಸ ನಡೀತಿತ್ತು. ನಮ್ಮನ್ನ ಹೆಚ್ಚು ಕಾಡಿದ್ದು ‘ಒಂದು’ ಅನ್ನೋ ಲೆಕ್ಕ.

6204 ಬೇರಿಂಗ್ ಹಳೇ ಪಟ್ಟಿಯಲ್ಲಿ ಎರಡು ಕೋಡ್‌ಗಳಲ್ಲಿತ್ತು. ಒಂದರಲ್ಲಿ 40, ಇನ್ನೊಂದರಲ್ಲಿ 15. ಕೂಡಿಸಿದ್ರೆ 55 ಅಲ್ವಾ? ರ‍್ಯಾಕ್ ಹತ್ರ ಹೋಗಿ ನೋಡಿದ್ರೆ ಮೊದಲನೇದು ಬಾಕ್ಸ್ ಲೆಕ್ಕ, ಎರಡನೇದು ಬಿಡಿ ಲೆಕ್ಕ. ಬಾಕ್ಸಿಗೆ 10 ಬೇರಿಂಗ್. ಅಂದ್ರೆ ಇದ್ದದ್ದು 415! ಎರಡನ್ನೂ ಒಂದೇ ಕೋಡಿಗೆ ತಂದು, ಬಿಡಿ ಲೆಕ್ಕಕ್ಕೆ ಇಳಿಸಿದೆವು.

ಆಮೇಲೆ ಬಾರ್‌ಕೋಡ್. ಬಾಕ್ಸಿಗೂ ಬಿಡಿ ಬೇರಿಂಗಿಗೂ ಒಂದೇ ಲೇಬಲ್ ಅಂಟಿಸಿದ್ರೆ, ಹತ್ತು ಹೊರಗೆ ಹೋದಾಗ ಸ್ಟಾಕಿನಲ್ಲಿ ಒಂದೇ ಕಮ್ಮಿಯಾಗುತ್ತೆ. ಹಾಗಾಗಿ ಬೇರೆ ಬೇರೆ ಲೇಬಲ್ ಮಾಡಿದೆವು. ಬಾಕ್ಸ್ ಸ್ಕ್ಯಾನ್ ಮಾಡಿದಾಗ ಪರದೆಯಲ್ಲಿ 10 ಬಂದ್ರೆ ಮಾತ್ರ ಉಳಿದ ಲೇಬಲ್‌ಗಳ ಪ್ರಿಂಟ್.

ಕೊನೇ ಅಪಾಯ ಬದಲಾವಣೆಯ ವಾರಾಂತ್ಯದ್ದು. ಶನಿವಾರ ಮಾಲಿನ ಓಡಾಟ ನಿಲ್ಲಿಸಿ ಎಣಿಕೆ ಶುರುವಾಯ್ತು. ಅಷ್ಟರಲ್ಲಿ ಲಾರಿಯೊಂದು ಬಂತು. ಅದರ ಮಾಲನ್ನೂ ಎಣಿಸಿ, ಸೋಮವಾರ ಹೊಸ ಸಿಸ್ಟಮ್ಮಿನಲ್ಲಿ ಅದರ ಬಿಲ್ಲನ್ನೂ ಏರಿಸಿದ್ರೆ, ಒಂದು ಎರಡಾಗುತ್ತೆ. ಸೂಪರ್‌ವೈಸರ್ ಅದನ್ನ ಬಾಗಿಲ ಬಳಿಯೇ ಇಳಿಸಿ, ಸುತ್ತ ಹಗ್ಗ ಕಟ್ಟಿಸಿದ್ರು: ‘ಎಣಿಸಬೇಡಿ.’ ಅಷ್ಟು ಸಾಫ್ಟ್‌ವೇರ್ ನಡುವೆ ಲೆಕ್ಕ ಕಾಪಾಡಿದ್ದು ಆ ಹಗ್ಗ!